ಸೊಸೈಟಿಯಲ್ಲಿರುವ ನಮ್ಮ ಷೇರು, ನಮ್ಮ ಠೇವಣಿ: ಬಿಟ್ಟು ಬರುವಾಗ ವಾಪಸ್ ಪಡೆಯುವ ಬಗೆ

(ತಾಲ್ಲೂಕು ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸೊಸೈಟಿ ಅಂದ ಕೂಡಲೇ ನಮಗೆ ನೆನಪಾಗೋದು ನಾವು ಕೊಡಬೇಕಾದ ಬಾಕಿ. ಸೊಸೈಟಿ ನಮಗೆ ಕೊಡಬೇಕಾದ್ದೂ ಒಂದಿದೆ ಅನ್ನೋದು ಬಹಳ ಜನಕ್ಕೆ ಗೊತ್ತೇ ಇಲ್ಲ. ಇವತ್ತು ಆ ಹಣದ ವಿಚಾರ ಮಾತ್ರ ಹೇಳುತ್ತೇನೆ. ವಯಸ್ಸಾಗಿ ಜಮೀನು ಮಕ್ಕಳ ಹೆಸರಿಗೆ ಮಾಡಿದವರು, ಊರು ಬಿಟ್ಟವರು, ಇನ್ನು ಆ ಸಂಘದ ಸಹವಾಸ ಸಾಕು ಅಂದವರು ಸದಸ್ಯತ್ವ ಬಿಡುತ್ತಾರೆ. ಬಿಟ್ಟಾಗ ಷೇರು ಹಣ, ಠೇವಣಿ ಹಣ ಕೈಗೆ ಬರುವುದು ಹೇಗೆ?

ನಿಮ್ಮ ಹತ್ತಿರ ಷೇರು ಇದೆಯೇ ಅಂತ ಕೇಳಿದರೆ ಅರ್ಧ ಜನ ಇಲ್ಲ ಅಂತೀರಿ. ಆದರೆ ಬೆಳೆ ಸಾಲ ತೆಗೆದವರಿಗೆಲ್ಲ ಷೇರು ಇದ್ದೇ ಇರುತ್ತದೆ. ಸಾಲ ಕೊಡುವಾಗಲೇ ಸಂಘದವರು ನೂರಕ್ಕೆ ಇಷ್ಟು ಅಂತ ಷೇರಿಗೆ ಹಿಡಿದುಕೊಂಡು ಮಿಕ್ಕಿದ್ದನ್ನು ಕೊಡುತ್ತಾರೆ. ಲಕ್ಷ ರೂಪಾಯಿ ಮಂಜೂರಾಗಿ ಕೈಗೆ ತೊಂಬತ್ತೈದು ಸಾವಿರ ಬಂದರೆ, ಆ ಐದು ಸಾವಿರ ಖರ್ಚು ಅಂತ ನಾವು ತಿಳಿದುಕೊಂಡು ಮನೆಗೆ ಬರುತ್ತೇವೆ. ಅದು ಖರ್ಚಲ್ಲ ಸ್ವಾಮಿ, ನಮ್ಮ ಷೇರು ಧನ. ಸಾಲ ತೀರಿದರೂ ಅದು ಅಲ್ಲೇ ನಿಂತಿರುತ್ತದೆ. ಮುಂದಿನ ಸಾಲ ದೊಡ್ಡದಾದರೆ ಮತ್ತಷ್ಟು ಹಿಡಿಯುತ್ತಾರೆ. ಇಪ್ಪತ್ತು ವರ್ಷ ವ್ಯವಹಾರ ಮಾಡಿದವನ ಹಣ ಹೀಗೆ ಚೂರುಚೂರಾಗಿ ಸೇರಿ ಒಂದು ಗಂಟಾಗಿರುತ್ತದೆ.

ಒಬ್ಬ ಕಾರ್ಯದರ್ಶಿ ಒಮ್ಮೆ ನನ್ನೆದುರಿಗೇ ಹೇಳಿದರು: "ಅಣ್ಣಾ, ಷೇರು ಹಣ ಅಂದರೆ ದೇವರ ಹುಂಡಿಗೆ ಹಾಕಿದ ಹಂಗೆ, ವಾಪಸ್ ಕೇಳಬಾರದು." ಅವರು ಕೆಟ್ಟವರಲ್ಲ, ಅವರಿಗೆ ಹೇಳಿಕೊಟ್ಟದ್ದೇ ಹಾಗೆ. ಆದರೆ ಹುಂಡಿಗೆ ಹಾಕಿದ್ದಕ್ಕೆ ರಸೀದಿ ಕೊಡೋದಿಲ್ಲ, ಷೇರಿಗೆ ಕೊಡುತ್ತಾರೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇದೊಂದು ತಿಳಿದರೆ ಮಿಕ್ಕಿದ್ದೆಲ್ಲ ಸುಲಭ. ಷೇರು ಬೇರೆ, ಠೇವಣಿ ಬೇರೆ. ಷೇರು ಅಂದರೆ ನಾವು ಆ ಸಂಘದ ಒಡೆಯರಲ್ಲಿ ಒಬ್ಬರು ಅನ್ನುವುದಕ್ಕೆ ಹಾಕಿದ ಬಂಡವಾಳ. ಸಂಘಕ್ಕೆ ಲಾಭವಾದರೆ ಅದಕ್ಕೆ ಡಿವಿಡೆಂಡು, ಸಂಘ ಮುಳುಗಿದರೆ ಎಲ್ಲರ ಬಾಕಿ ತೀರಿದ ಮೇಲೆ ಕೊನೆಗೆ ಅದರ ಸರದಿ. ಠೇವಣಿ ಹಾಗಲ್ಲ. ನಾವು ಸಂಘಕ್ಕೆ ಕೊಟ್ಟ ಸಾಲವೇ ಠೇವಣಿ. ಅಲ್ಲಿ ನಾವು ಸಾಲಗಾರರಲ್ಲ, ಸಂಘವೇ ಸಾಲಗಾರ. ಗಡುವು ಮುಗಿದ ದಿನ ಬಡ್ಡಿ ಸಮೇತ ಕೊಡಬೇಕು. ನಾವು ಸದಸ್ಯರಾಗಿ ಉಳಿದೆವೋ ಬಿಟ್ಟೆವೋ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಸಂಘದವರು ಈ ಎರಡನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ. "ನಿಮ್ಮ ರಾಜೀನಾಮೆ ಮಂಡಳಿ ಮುಂದೆ ಇದೆ, ಅದು ಪಾಸಾಗಲಿ, ಎಲ್ಲಾ ಒಟ್ಟಿಗೆ ಚುಕ್ತಾ ಮಾಡೋಣ" ಅನ್ನುತ್ತಾರೆ. ಕೇಳೋಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಷೇರಿಗೆ ಇರುವ ತಡೆ ಎಲ್ಲವೂ ಅದರ ಜೊತೆಗೆ ಠೇವಣಿಗೂ ಅಂಟಿಕೊಳ್ಳುತ್ತದೆ. ಆದ್ದರಿಂದ ಅರ್ಜಿ ಎರಡು ಬರೆಯಿರಿ. ಮೊದಲು ಠೇವಣಿದು. ಅದರಲ್ಲಿ ರಾಜೀನಾಮೆಯ ಮಾತೇ ಬೇಡ. "ನನ್ನ ಇಂಥ ನಂಬರಿನ ಠೇವಣಿಯ ಗಡುವು ಇಂಥ ದಿನ ಮುಗಿದಿದೆ, ಅಸಲು ಮತ್ತು ಬಡ್ಡಿಯನ್ನು ನನ್ನ ಖಾತೆಗೆ ಜಮಾ ಮಾಡಬೇಕು" ಅಂತ ನಾಲ್ಕು ಸಾಲು ಸಾಕು. ಆ ಹಣ ಬಂದ ಮೇಲೆ ರಾಜೀನಾಮೆ ಕೊಟ್ಟರೆ ಇನ್ನೂ ಒಳ್ಳೆಯದು. ಗಡುವು ಮುಗಿದ ಠೇವಣಿಯನ್ನು ಸುಮ್ಮನೆ ಬಿಡುವುದೂ ನಷ್ಟವೇ, ಯಾಕೆಂದರೆ ನವೀಕರಣ ಮಾಡದಿದ್ದರೆ ಹಳೇ ದರದ ಬಡ್ಡಿ ಮುಂದುವರಿಯುವುದಿಲ್ಲ.

ಷೇರಿನ ದಾರಿ ಸ್ವಲ್ಪ ಸುತ್ತು. ನಮ್ಮ ಸಂಘಗಳು ನಡೆಯೋದು ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959, ಅದರ ಕೆಳಗಿನ 1960ರ ನಿಯಮಗಳು, ಆಮೇಲೆ ಪ್ರತಿ ಸಂಘದ ಉಪವಿಧಿ, ಅಂದರೆ ಬೈಲಾ. ಷೇರು ವಾಪಸಿನ ಸಣ್ಣ ಸಣ್ಣ ಷರತ್ತುಗಳೆಲ್ಲ ಈ ಬೈಲಾದಲ್ಲಿ ಇರುತ್ತವೆ. ಪಕ್ಕದೂರಿನ ಸಂಘದಲ್ಲಿ ಇದ್ದದ್ದು ನಿಮ್ಮಲ್ಲಿ ಇಲ್ಲದೇ ಹೋಗಬಹುದು. ಹಾಗಾಗಿ ಬೈಲಾ ನೋಡದೆ ಜಗಳಕ್ಕೆ ಹೋಗಬೇಡಿ. ಸದಸ್ಯರು ಕೇಳಿದರೆ ಅದನ್ನು ತೋರಿಸಲೇಬೇಕು. "ಬೀರುವಿನಲ್ಲಿದೆ, ಕೀಲಿ ಅಧ್ಯಕ್ಷರ ಹತ್ತಿರ" ಅಂದರೆ ಸಹಾಯಕ ನಿಬಂಧಕರ ಕಚೇರಿಗೆ ಹೋಗಿ. ನೋಂದಣಿಯಾದ ಬೈಲಾದ ಪ್ರತಿ ಅಲ್ಲಿರುತ್ತದೆ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಒಂದು ಎಚ್ಚರಿಕೆ: ಆ ಅರ್ಜಿಯನ್ನು ಸೊಸೈಟಿಗೆ ಹಾಕಬೇಡಿ, ನಿಬಂಧಕರ ಕಚೇರಿಗೆ ಹಾಕಿ. ಸಹಕಾರ ಸಂಘಗಳು ಸಾಮಾನ್ಯವಾಗಿ ಮಾಹಿತಿ ಹಕ್ಕು ಕಾಯ್ದೆಯ ಸಾರ್ವಜನಿಕ ಪ್ರಾಧಿಕಾರವಲ್ಲ ಅಂತ ಕೇರಳದ ತಲಪ್ಪಲಂ ಸಂಘದ ಮೊಕದ್ದಮೆಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ನಿಬಂಧಕರು ಸಾರ್ವಜನಿಕ ಪ್ರಾಧಿಕಾರವೇ. ಕಾನೂನಿನ ಪ್ರಕಾರ ಅವರು ಸಂಘದಿಂದ ತರಿಸಿಕೊಳ್ಳಬಹುದಾದ ಮಾಹಿತಿಯನ್ನು ನಮಗೆ ಕೊಡಬೇಕಾಗುತ್ತದೆ ಅಂತಲೂ ಅದೇ ತೀರ್ಪಿನಲ್ಲಿದೆ.

ಒಂದು ಪ್ರಕರಣ ಹೇಳುತ್ತೇನೆ. ಊರು ಹೆಸರು ಬೇಡ. ಎಪ್ಪತ್ತು ದಾಟಿದ ಯಜಮಾನರು. ಇದ್ದ ಜಮೀನನ್ನು ಇಬ್ಬರು ಮಕ್ಕಳಿಗೆ ಭಾಗ ಮಾಡಿಕೊಟ್ಟರು, ಪಹಣಿ ಮಕ್ಕಳ ಹೆಸರಿಗೆ ಬಂತು. ಪಹಣಿಯೇ ಇಲ್ಲದ ಮೇಲೆ ಅವರಿಗೆ ಬೆಳೆ ಸಾಲ ಸಿಗುವಂತಿಲ್ಲ. ಸೊಸೈಟಿಯಲ್ಲಿ ನಿಂತು ಪ್ರಯೋಜನವೇನು ಅಂತ ಹಣ ಕೇಳಲು ಹೋದರು. ಅವರ ಗಂಟಿನಲ್ಲಿ ಮೂರು ಬಾಬ್ತು ಇತ್ತು. ಗಡುವು ಮುಗಿದ ನಿಶ್ಚಿತ ಠೇವಣಿ 40,000 ರೂಪಾಯಿ. ಸಾಲ ಕೊಡುವಾಗಲೆಲ್ಲ ಷೇರಿನ ಜೊತೆಗೆ ಹಿಡಿದ ಉಳಿತಾಯ ಠೇವಣಿ 6,200. ಮೂರನೆಯದು ಷೇರು.

ಷೇರು ಎಷ್ಟು? ಕಾರ್ಯದರ್ಶಿ ಲೆಡ್ಜರು ನೋಡಿ 8,500 ಅಂದರು. ಯಜಮಾನರ ಮನೆಯವರು ಪುಣ್ಯಾತ್ಗಿತ್ತಿ, ಹಳೇ ಟ್ರಂಕಿನಲ್ಲಿ ರಸೀದಿಗಳನ್ನೆಲ್ಲ ಗಂಟು ಕಟ್ಟಿ ಇಟ್ಟಿದ್ದರು. ಕೂತು ಲೆಕ್ಕ ಹಾಕಿದೆವು. ಸೇರುವಾಗ 500. ಮೊದಲ ಸಾಲ 60,000 ತೆಗೆದಾಗ ಆ ಸಂಘದಲ್ಲಿ ನೂರಕ್ಕೆ ಐದರಂತೆ 3,000. ಸಾಲ ಒಂದು ಲಕ್ಷಕ್ಕೆ ಏರಿದಾಗ ಮತ್ತೆ 2,000. ಎರಡು ಲಕ್ಷವಾದಾಗ 5,000. ಒಟ್ಟು 10,500 ಆಗಬೇಕು. ನಡುವಿನ 2,000 ಎಲ್ಲಿ ಹೋಯ್ತು?

ಯಾರೂ ತಿಂದಿರಲಿಲ್ಲ. ಸಾಲ ಬಟವಾಡೆ ದಿನ ಹಿಡಿದ ಹಣವನ್ನು ಅನಾಮತ್ತು ಖಾತೆಗೆ ಹಾಕಿದ್ದರು. ಆಮೇಲೆ ಒಬ್ಬೊಬ್ಬರ ಹೆಸರಿಗೆ ಷೇರು ಖಾತೆಗೆ ವರ್ಗ ಮಾಡಬೇಕಿತ್ತು, ಮಾಡಿರಲಿಲ್ಲ. ಹಾಗೆ ನಿಂತ ಹಣಕ್ಕೆ ಡಿವಿಡೆಂಡೂ ಇಲ್ಲ, ವಾಪಸ್ ಕೇಳಲು ಲೆಡ್ಜರಿನಲ್ಲಿ ಹೆಸರೂ ಇಲ್ಲ. ಇದನ್ನು ಪತ್ತೆ ಹಚ್ಚುವ ದಾರಿ ಒಂದೇ. ಸಾಲ ಮಂಜೂರಾದ ಮೊತ್ತ, ಕೈಗೆ ಬಂದ ಮೊತ್ತ, ನಡುವೆ ಹಿಡಿದದ್ದು ಯಾವ ಖಾತೆಗೆ ಹೋಯಿತು ಅನ್ನುವುದನ್ನು ಬಟವಾಡೆಯ ಚೀಟಿಯಿಂದ ತಾಳೆ ನೋಡುವುದು. ಚೀಟಿ ಕಳೆದಿದ್ದರೆ ನಿಮ್ಮ ಸಾಲದ ಖಾತೆ ಮತ್ತು ಷೇರು ಖಾತೆಯ ಉತಾರ ಲಿಖಿತವಾಗಿ ಕೇಳಿ. ವಾರ್ಷಿಕ ಮಹಾಸಭೆಯ ವರದಿ ಪುಸ್ತಕದಲ್ಲಿ ಅನಾಮತ್ತು ಬಾಬ್ತು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾ ಇದ್ದರೆ ಅಲ್ಲಿ ಇಂಥ ಹಣ ಇರಬಹುದು ಅಂತ ಅನುಮಾನ ಪಡಿ. ಈ ಯಜಮಾನರು ಮಹಾಸಭೆಯಲ್ಲಿ ಎದ್ದು ನಿಂತು ರಸೀದಿ ಹಿಡಿದು ಕೇಳಿದಾಗ ಅವರದ್ದೊಂದೇ ಅಲ್ಲ, ಅದೇ ಬಟವಾಡೆಯ ಇನ್ನೂ ಎಷ್ಟೋ ಜನರದ್ದು ಹೊರಗೆ ಬಂತು.

ಎರಡನೇ ತೊಡಕು ಜಾಮೀನು. ಅವರ ಸ್ವಂತ ಸಾಲ ಒಂದು ಪೈಸೆ ಬಾಕಿ ಇರಲಿಲ್ಲ. ಆದರೆ ಪಕ್ಕದ ಮನೆಯವನ 25,000ಕ್ಕೆ ಜಾಮೀನು ಹಾಕಿದ್ದರು. ನೆನಪೇ ಇರಲಿಲ್ಲ, ನಮ್ಮ ಕಡೆ ಜಾಮೀನು ಅಂದರೆ ಕಾಫಿ ಕುಡಿದು ಸಹಿ ಹಾಕೋದು ತಾನೇ! ಸಾಮಾನ್ಯವಾಗಿ ಬೈಲಾಗಳಲ್ಲಿ ಸ್ವಂತ ಸಾಲ ಇದ್ದರೂ, ಇನ್ನೊಬ್ಬರಿಗೆ ಜಾಮೀನು ನಿಂತಿದ್ದರೂ ರಾಜೀನಾಮೆ ಒಪ್ಪುವ ಹಾಗಿಲ್ಲ ಅಂತ ಇರುತ್ತದೆ. ಇದು ನ್ಯಾಯವೂ ಹೌದು. ಅರ್ಜಿ ಬರೆಯುವ ಮೊದಲೇ "ನನ್ನ ಹೆಸರಿನಲ್ಲಿ ಯಾವ ಯಾವ ಸಾಲಕ್ಕೆ ಜಾಮೀನಿದೆ" ಅಂತ ಕೇಳಿ ತಿಳಿದುಕೊಳ್ಳಿ. ಆ ಸಾಲಗಾರ ಬೇರೊಬ್ಬ ಸದಸ್ಯರನ್ನು ಜಾಮೀನಿಗೆ ತಂದು, ಮಂಡಳಿ ಅದನ್ನು ಒಪ್ಪಿದರೆ ನಿಮ್ಮ ಬಿಡುಗಡೆ. ಬಾಯಿಮಾತಿಗೆ ಬಿಡಬೇಡಿ, ಠರಾವಿನ ನಕಲು ಇಟ್ಟುಕೊಳ್ಳಿ.

ಜಾಮೀನಿನ ನೆಪ ಹೇಳಿ ಈ ಯಜಮಾನರ ಠೇವಣಿಯನ್ನೂ ತಡೆದಿದ್ದರು. ಇಲ್ಲಿ ಕಾನೂನನ್ನು ಸರಿಯಾಗಿ ತಿಳಿಯಬೇಕು. ಸದಸ್ಯನ ಷೇರು, ಠೇವಣಿ, ಡಿವಿಡೆಂಡು ಇವುಗಳ ಮೇಲೆ ಸಂಘಕ್ಕೆ ಹಕ್ಕಿದೆ, ಅವನಿಂದ ಬರಬೇಕಾದ ಬಾಕಿಗೆ ವಜಾ ಹಾಕಿಕೊಳ್ಳಬಹುದು. ಈ ಹಕ್ಕು ನಿಜವಾದದ್ದು, ಇಲ್ಲ ಅನ್ನಬೇಡಿ. ಆದರೆ ಅದು ಬರಬೇಕಾದ ಬಾಕಿಗೆ. ಪಕ್ಕದ ಮನೆಯವನ ಸಾಲದ ಗಡುವೇ ಇನ್ನೂ ಬಂದಿರಲಿಲ್ಲ. ಅದಕ್ಕೆ ನಾವು ಬರೆದುಕೊಟ್ಟದ್ದು ಇಷ್ಟೇ: "ಯಾವ ಸಾಲ, ಎಷ್ಟು ಬಾಕಿ, ಯಾವ ದಿನದಿಂದ ಸುಸ್ತಿ, ಯಾವ ಠರಾವಿನ ಮೇಲೆ ನನ್ನ ಠೇವಣಿ ತಡೆದಿದ್ದೀರಿ, ಬರವಣಿಗೆಯಲ್ಲಿ ತಿಳಿಸಿ." ಉತ್ತರ ಬರಲಿಲ್ಲ, ಹಣ ಬಂತು. ಎರಡೂ ಠೇವಣಿ ಬಡ್ಡಿ ಸಮೇತ.

ಇಂಥ ಪತ್ರ ಕೊಡುವಾಗ ಎರಡು ಪ್ರತಿ ಮಾಡಿ, ಒಂದರ ಮೇಲೆ ಸಂಘದ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಅಂಚೆಯಲ್ಲಿ ಕಳಿಸಿ. 2025ರ ಸೆಪ್ಟೆಂಬರಿನಿಂದ ರಿಜಿಸ್ಟರ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಕ್ಕೆ ಸೇರಿಸಿದ್ದಾರೆ. ಹಾಗಾಗಿ ಸ್ಪೀಡ್ ಪೋಸ್ಟಿನಲ್ಲೇ ಮುಟ್ಟಿದ್ದಕ್ಕೆ ರುಜುವಾತು ಬೇಕು ಅಂತ ಕೇಳಿ ಕಳಿಸಿ. ಅಸಲು ಷೇರು ಪತ್ರ, ಠೇವಣಿ ಪತ್ರಗಳನ್ನು ಅರ್ಜಿ ಜೊತೆ ಒಪ್ಪಿಸಬೇಡಿ, ಜೆರಾಕ್ಸ್ ಇಡಿ. ಅಸಲು ಕೊಡೋದು ಹಣ ಬರುವ ದಿನ. "ಪೂರಾ ಚುಕ್ತಾ ಆಗಿದೆ" ಅನ್ನುವ ರಸೀದಿಗೆ ರೆವಿನ್ಯೂ ಸ್ಟಾಂಪಿನ ಮೇಲೆ ಮುಂಚೆಯೇ ಸಹಿ ಹಾಕಿಸಿಕೊಂಡು, "ಚೆಕ್ಕು ಸೋಮವಾರ ಬನ್ನಿ" ಅನ್ನೋ ಅಭ್ಯಾಸ ಕೆಲವು ಕಡೆ ಇದೆ. ಎಷ್ಟು ಸೋಮವಾರ ಅಂತ ಅವರು ಹೇಳೋದಿಲ್ಲ.

ಮೂರನೇ ತೊಡಕೇ ಗಟ್ಟಿಯಾದದ್ದು. ರಾಜೀನಾಮೆ ಅಂಗೀಕಾರವಾಯ್ತು, ಷೇರು 10,500 ಅಂತ ಒಪ್ಪಿದರು, ಆದರೆ ಈ ವರ್ಷ ಕೊಡೋಕೆ ಆಗಲ್ಲ ಅಂದರು. ಬೈಲಾ ತೆಗೆಸಿ ನೋಡಿದೆವು, ಅವರು ಹೇಳಿದ್ದು ಸುಳ್ಳಲ್ಲ. ಹಿಂದಿನ ಮಾರ್ಚಿ ಕೊನೆಗೆ ಇದ್ದ ಷೇರು ಬಂಡವಾಳದಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಒಂದು ವರ್ಷದಲ್ಲಿ ವಾಪಸ್ ಮಾಡುವಂತಿಲ್ಲ ಅಂತ ಆ ಸಂಘದ ಬೈಲಾ. ಅವರ ಬಂಡವಾಳ 24 ಲಕ್ಷ, ಅದರ ನೂರಕ್ಕೆ ಐದು ಅಂದರೆ 1,20,000. ಅದರಲ್ಲಿ 1,16,000 ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತು. ಉಳಿದದ್ದು 4,000.

ಈ ಮಿತಿ ಯಾಕೆ ಇಟ್ಟಿದ್ದಾರೆ ಅಂತ ನಮ್ಮವರೂ ಯೋಚಿಸಬೇಕು. ನಾವು ಹಾಕಿದ ಷೇರು ಸೊಸೈಟಿಯ ತಿಜೋರಿಯಲ್ಲಿ ಕೂತಿರುವುದಿಲ್ಲ. ಸೊಸೈಟಿ ನಮಗೆ ಕೊಡುವ ಸಾಲವನ್ನು ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕಿನಿಂದ ತರಬೇಕು, ಅದಕ್ಕಾಗಿ ಅಲ್ಲಿ ತಾನೂ ಷೇರು ಹಾಕಬೇಕು. ನಮ್ಮ ಹಣದ ಒಂದು ಪಾಲು ಹೀಗೆ ಮೇಲಕ್ಕೆ ಹೋಗಿರುತ್ತದೆ. ಎಲ್ಲರೂ ಒಂದೇ ವರ್ಷ ಎದ್ದು ಹೊರಟರೆ ಉಳಿದವರ ಸಾಲಕ್ಕೆ ಕುತ್ತು. ಹಾಗಾಗಿ ಮಿತಿ ಇರಲಿ. ಆದರೆ ಮಿತಿ ಇದ್ದಲ್ಲಿ ಸರದಿಯೂ ಇರಬೇಕು. ಮೊದಲು ಅರ್ಜಿ ಕೊಟ್ಟವರಿಗೆ ಮೊದಲು. ನಿಮ್ಮ ಅರ್ಜಿಯ ಕ್ರಮಸಂಖ್ಯೆ ಎಷ್ಟು, ನಿಮ್ಮ ಮುಂದೆ ಯಾರಿದ್ದಾರೆ ಅಂತ ಕೇಳಿ. ನಿರ್ದೇಶಕರ ನೆಂಟರು ಹಿಂದಿನಿಂದ ಬಂದು ಮುಂದೆ ಹೋಗುವುದು ಇಲ್ಲೇ.

ಇನ್ನೊಂದು ಮಾತು ಕಿವಿಗೆ ಬೀಳುತ್ತದೆ: "ಎರಡು ವರ್ಷ ಕಾಯಬೇಕು, ಕಾಯ್ದೆಯಲ್ಲೇ ಇದೆ." ಕಾಯ್ದೆಯಲ್ಲಿರುವುದು ಬೇರೆ ವಿಷಯ. ಸದಸ್ಯತ್ವ ಬಿಟ್ಟ ದಿನ ಸಂಘದ ಮೇಲೆ ಇದ್ದ ಸಾಲಗಳಿಗೆ ಬಿಟ್ಟವನ ಹೊಣೆ ಎರಡು ವರ್ಷ ಮುಂದುವರಿಯುತ್ತದೆ ಅಂತ. ನಿಯಮಿತ ಹೊಣೆಯ ಸಂಘದಲ್ಲಿ ಆ ಹೊಣೆಯೂ ಷೇರಿನ ಮಟ್ಟಿಗೆ. ಷೇರಿನ ವಾಪಸಿಗೆ ಕಾಲ ಎಷ್ಟು ಅನ್ನುವುದನ್ನು ಬೈಲಾದಲ್ಲಿ ಓದಿ. ಠೇವಣಿಗೆ ಮಾತ್ರ ಈ ಎರಡು ವರ್ಷದ ಮಾತನ್ನು ಯಾರಾದರೂ ಎತ್ತಿದರೆ ಒಪ್ಪಬೇಡಿ.

ಮತ್ತೆ ಯಜಮಾನರಿಗೇನಾಯ್ತು? ಬಾಗಿಲಿಗೆ ಕಾಯದೆ ಕಿಟಕಿ ನೋಡಿದೆವು. ಷೇರನ್ನು ಒಂದು ವರ್ಷವಾದರೂ ಇಟ್ಟುಕೊಂಡಿದ್ದರೆ ಅದನ್ನು ಇನ್ನೊಬ್ಬ ಸದಸ್ಯರಿಗೋ, ಸದಸ್ಯತ್ವದ ಅರ್ಜಿ ಒಪ್ಪಿಗೆಯಾದವರಿಗೋ ವರ್ಗಾಯಿಸಲು ಕಾಯ್ದೆ ಬಿಡುತ್ತದೆ, ಮಂಡಳಿಯ ಒಪ್ಪಿಗೆ ಬೇಕು. ವರ್ಗಾವಣೆಯಲ್ಲಿ ಸಂಘದ ಬಂಡವಾಳ ಒಂದು ರೂಪಾಯಿಯೂ ಕಡಿಮೆಯಾಗದ್ದರಿಂದ ಆ ನೂರಕ್ಕೆ ಐದರ ಮಿತಿ ಅಡ್ಡ ಬರಲಿಲ್ಲ. ಹಿರಿಯ ಮಗನ ಹೆಸರಿಗೆ ಪಹಣಿ ಬಂದಿತ್ತಲ್ಲ, ಅವನು ಸದಸ್ಯತ್ವಕ್ಕೆ ಅರ್ಜಿ ಹಾಕಿದ, ಒಪ್ಪಿಗೆಯಾಯ್ತು, ಅಪ್ಪನ 10,500 ಅವನ ಖಾತೆಗೆ ಬಂತು. ಮಗ ಅಷ್ಟು ಹಣವನ್ನು ಅಪ್ಪನ ಕೈಗೆ ಕೊಟ್ಟ. ನೂರಕ್ಕೆ ಐದರ ಲೆಕ್ಕದಲ್ಲಿ 2,10,000 ಸಾಲದವರೆಗೆ ಆ ಮಗನಿಂದ ಮತ್ತೆ ಷೇರು ಹಿಡಿಯುವ ಪ್ರಮೇಯವೇ ಇಲ್ಲ. ಮಕ್ಕಳಿರುವ ವಯಸ್ಸಾದವರಿಗೆ ನಾನು ಹೇಳುವುದು ಇದೇ ದಾರಿ. ಕೋಪ ಮಾಡಿಕೊಂಡು ಬಿಡುವ ಹುಡುಗರಿಗೆ ಬೇರೆ ಮಾತು: 2023-24ರಿಂದ ನಮ್ಮ ರಾಜ್ಯದಲ್ಲಿ ಶೂನ್ಯ ಬಡ್ಡಿ ಸಾಲದ ಮಿತಿ ಮೂರರಿಂದ ಐದು ಲಕ್ಷಕ್ಕೆ ಏರಿದೆ, ಅದು ಸಿಗುವುದು ಸಹಕಾರ ಸಂಘದ ಮೂಲಕ. ಹತ್ತು ಸಾವಿರ ಷೇರಿಗಾಗಿ ಅದನ್ನು ಬಿಡಬೇಕೇ, ಲೆಕ್ಕ ಹಾಕಿ.

ಸದಸ್ಯರು ತೀರಿಹೋದಲ್ಲಿ ರಾಜೀನಾಮೆ ಬೇಕಿಲ್ಲ. ನಾಮಿನಿಗೆ, ನಾಮಿನಿ ಇಲ್ಲದಿದ್ದರೆ ವಾರಸುದಾರರಿಗೆ ಷೇರು ಹೋಗಬೇಕು. ಅಪ್ಪನ ಷೇರು ಪುಸ್ತಕದಲ್ಲಿ ನಾಮಿನಿ ಹೆಸರು ಇದೆಯೇ ಅಂತ ಅವರು ಇರುವಾಗಲೇ ನೋಡಿಸಿ. ಇಲ್ಲದಿದ್ದರೆ ವಂಶವೃಕ್ಷ, ಒಪ್ಪಿಗೆ ಪತ್ರ ಅಂತ ಅಲೆಯಬೇಕಾಗುತ್ತದೆ.

ಬ್ಯಾಂಕು ಅನ್ನುವ ಹೆಸರಿನ ಬಗ್ಗೆಯೂ ಒಂದು ಮಾತು. ಪಟ್ಟಣ ಸಹಕಾರ ಬ್ಯಾಂಕು, ಜಿಲ್ಲಾ ಕೇಂದ್ರ ಬ್ಯಾಂಕು ಇವುಗಳ ಠೇವಣಿಗೆ ಐದು ಲಕ್ಷದವರೆಗೆ ವಿಮೆ ಇದೆ, 2020ರ ಫೆಬ್ರವರಿಯಲ್ಲಿ ಒಂದು ಲಕ್ಷದಿಂದ ಏರಿಸಿದರು. ನಮ್ಮ ಹಳ್ಳಿಯ ಸೊಸೈಟಿಯ ಠೇವಣಿಗೆ ಆ ವಿಮೆ ಇಲ್ಲ. ಷೇರಿಗಂತೂ ಎಲ್ಲಿಯೂ ಇಲ್ಲ. ಹೆಚ್ಚು ಬಡ್ಡಿ ಅಂತ ಇರೋದೆಲ್ಲವನ್ನೂ ಅಲ್ಲಿಟ್ಟವರು ಇದನ್ನು ನೆನಪಿಡಿ.

ಪತ್ರಕ್ಕೂ ಜಗ್ಗದಿದ್ದರೆ ಎರಡು ಕಡೆ ಹೋಗಬಹುದು. ಒಂದು, ಸಹಕಾರ ಕಾಯ್ದೆಯ 70ನೇ ಕಲಮಿನ ಕೆಳಗೆ ನಿಬಂಧಕರ ಮುಂದೆ ದಾವೆ. ಇದು ಸಾಮಾನ್ಯವಾಗಿ ಸಹಾಯಕ ನಿಬಂಧಕರ ಕಚೇರಿಯಲ್ಲಿ ನಡೆಯುತ್ತದೆ. ಸದಸ್ಯತ್ವ ಬಿಟ್ಟವರೂ ಹಾಕಬಹುದು. ಷೇರಿನ ಮೊತ್ತ, ಸರದಿ, ರಾಜೀನಾಮೆ ಒಪ್ಪದಿರುವುದು, ಇಂಥ ತಕರಾರಿಗೆ ಇದೇ ಸರಿಯಾದ ಜಾಗ. ಎರಡು, ಠೇವಣಿ ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಸಹಕಾರ ಕಾಯ್ದೆಯಲ್ಲಿ ದಾವೆಯ ದಾರಿ ಇದ್ದರೂ ಸದಸ್ಯ ಗ್ರಾಹಕರ ವೇದಿಕೆಗೆ ಹೋಗಬಹುದು ಅಂತ ಸುಪ್ರೀಂ ಕೋರ್ಟು ತಮಿಳುನಾಡಿನ ತಿರುಮುರುಗನ್ ಕೃಷಿ ಪತ್ತಿನ ಸಂಘದ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ವ್ಯಾಜ್ಯ ಭತ್ತದ ಮೂಟೆ ಅಡವಿಟ್ಟು ಪಡೆದ ಸಾಲದ್ದು. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರು ಇಲ್ಲದೆಯೂ ವಾದಿಸಬಹುದು, ನಾವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. "ಮುಂದಿನ ಮಂಡಳಿ ಬರಲಿ, ಕೊಡ್ತಾರೆ" ಅಂತ ಕೂತರೆ ಈ ಎರಡು ವರ್ಷ ಸದ್ದಿಲ್ಲದೆ ಕಳೆದು ಹೋಗುತ್ತದೆ. ಸೀಲು ಹಾಕಿಸಿದ ಆ ಪತ್ರದ ಪ್ರತಿ, ರಸೀದಿಗಳ ಜೆರಾಕ್ಸು, ಖಾತೆಯ ಉತಾರ, ಇಷ್ಟನ್ನು ದೂರಿನ ಜೊತೆ ಲಗತ್ತಿಸಿ. ದೂರನ್ನು ಕನ್ನಡದಲ್ಲೇ ಬರೆಯಬಹುದು.